ಕೊಕ್ಕೆ ಇಲ್ಲದ ಅಕ್ಷರ

ಸುಘೋಷನಿಗೆ ಕೂರೆಂಟ್ ಓದಲು ಬರುತ್ತಿತ್ತು. ಇದನ್ನು ಅವನಾಗಿಯೇ ಯಾರಿಗೂ ಹೇಳುತ್ತಿರಲಿಲ್ಲ. ಮಾತನ್ನು ಉಪಾಯವಾಗಿ ಅತ್ತ ತಿರುಗಿಸಿ, ಎದುರಿನವರೇ ಕೇಳುವಂತೆ ಮಾಡುತ್ತಿದ್ದ. ಮೆಲ್ಬರ್ನಿನ ಟ್ರುಗನಿನಾ ಬಡಾವಣೆಯ ಅವನ ಬೀದಿಯಲ್ಲಿ ಕಸದ ಬಿನ್ ಹೊರಗಿಡಲು ಬಂದವರಿಗೆಲ್ಲ ಆ ವಿಷಯ ಗೊತ್ತಾಗಿತ್ತು. ನೂರು ವರ್ಷದ ಹಿಂದಿನವರೆಗೂ ಜರ್ಮನರು ಕಾಗದಪತ್ರ ಬರೆಯುತ್ತಿದ್ದ ಚೂಪುಚೂಪು ಲಿಪಿ ಅದು, ಈಗಿನ ಜರ್ಮನರಿಗೇ ಓದಲು ಬರುವುದಿಲ್ಲ ಎಂದು ಅವನು ಹೇಳುವಾಗ, ಆ ಕೊನೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತಿದ್ದ.

ಹಗಲು ಅವನು ಒಂದು ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದ. ಶನಿವಾರಗಳಂದು ಮೆಲ್ಬರ್ನಿನ ಒಂದು ವಂಶಾವಳಿ ಸಂಘದ ಜರ್ಮನ್ ಬಳಗಕ್ಕೆ ಹೋಗುತ್ತಿದ್ದ. ಅಲ್ಲಿದ್ದವರೆಲ್ಲ ಹಡಗು ಹತ್ತಿ ಬಂದ ಲುಥೆರನ್ ರೈತರ ಮರಿಮೊಮ್ಮಕ್ಕಳು. ಇವನು ಮಾತ್ರ ಬೆಟಗೇರಿ ಮೂಲದವನು. ಬಾಸೆಲ್ ಮಿಷನ್ನಿನ ಪಾದ್ರಿಗಳು ಇವನ ಮುತ್ತಜ್ಜಿಯಂದಿರ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ಜರ್ಮನ್ನಿನಲ್ಲೇ ಬರೆದಿಟ್ಟಿದ್ದರು. ಮೊದಲ ದಿನ ಇದನ್ನು ವಿವರಿಸಿದಾಗ ಬಳಗದ ಮುಖ್ಯಸ್ಥೆ ಲೋರ್ನಾ, ನಿವೃತ್ತ ಟೀಚರ್, "ಹಾಗಾದರೆ ನೀನೂ ನಮ್ಮವನೇ, ಕುಳಿತುಕೋ" ಎಂದು ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದ್ದಳು.

ಬಳಗಕ್ಕೆ ಇದ್ದದ್ದು ಒಂದೇ ನಿಯಮ. ಒಬ್ಬರು ಓದಿದ ಪುಟವನ್ನು ಇನ್ನೊಬ್ಬರು ಮೊದಲಿನಿಂದ ಓದಬೇಕು, ಮೊದಲನೆಯವರು ಏನು ಓದಿದರೆಂದು ಕೇಳದೆ. ಸುಘೋಷ ಬೇರೆಯವರ ಪುಟಗಳಿಗೆ ಈ ನಿಯಮವನ್ನು ಬಹಳ ಕಟ್ಟುನಿಟ್ಟಾಗಿ ಅನ್ವಯಿಸುತ್ತಿದ್ದ.

ಹೀಗಿರುವಾಗ ಸಿಡ್ನಿಯ ಬ್ಲ್ಯಾಕ್‌ಟೌನಿನಿಂದ ಅವನ ಕಸಿನ್ ಅಮೃತ್ ಫೋನ್ ಮಾಡಿದ. ಅಮೃತನ ಮನೆಯಲ್ಲಿದ್ದ ಸುಗುಣಜ್ಜಿ, ಅಂದರೆ ಇಬ್ಬರ ಅಜ್ಜಿಯ ತಂಗಿ, ಹಟ ಹಿಡಿದಿದ್ದರು.

"ಪಾಪುಗೆ ಬ್ಯಾಪ್ಟಿಸಮ್ ಫಿಕ್ಸ್ ಆಗಿದೆ ಕಣೋ. ಮಿಡಲ್ ನೇಮ್ ಅಜ್ಜಿ ಅವರಜ್ಜೀದು ಇಡಬೇಕಂತೆ. ಲಿಡಿಯಾ ಅಂತ ಇಡೋಣ ಅಂದ್ರೆ, ಅದು ಪಾದ್ರಿ ಇಟ್ಟ ಹೆಸರು, ಅದಕ್ಕೆ ಮೊದ್ಲು ಒಂದು ಹೆಸರಿತ್ತು, ಅದೇ ಬೇಕು ಅಂತಾರೆ. ಯಾರಿಗೂ ಗೊತ್ತಿಲ್ಲ. ಮಿಷನ್ ಆರ್ಕೈವ್ಸ್‌ನಿಂದ ಆ ಪೇಜ್ ಸ್ಕ್ಯಾನ್ ತರಿಸಿದೀನಿ. ನಮಗೆಲ್ಲ ಅದು ಬರೀ ಮುಳ್ಳಿನ ಬೇಲಿ. ನೀನು ಓದ್ತೀಯಲ್ಲ?"

"ನೋಡೋಣ," ಎಂದ ಸುಘೋಷ. ಜೀವಮಾನವಿಡೀ ಈ ಫೋನಿಗಾಗಿ ಕಾದಿದ್ದವನು ಹಾಗೆ ಹೇಳುವುದು ಸುಲಭವಲ್ಲ.

ಪುಟ ಬಂತು. ಸುಘೋಷ ಕಲಿತ ಕ್ರಮದಲ್ಲೇ ಶುರುಮಾಡಿದ. ಮೊದಲು ಪಾದ್ರಿಯ ಕೈ ಪರಿಚಯವಾಗಬೇಕು. ಇದ್ದೇ ಇರುವ ಪದಗಳನ್ನು ಹುಡುಕಿ, ಅವುಗಳಿಂದ ಈ ಕೈಯ ಒಂದೊಂದು ಅಕ್ಷರವನ್ನೂ ಬಿಡಿಸಿ ಪಕ್ಕದ ಹಾಳೆಯಲ್ಲಿ ಬರೆದುಕೊಂಡ. ‘h’ಗೆ ಮೇಲೊಂದು ಕೆಳಗೊಂದು ಕುಣಿಕೆ. ‘e’ ಎಂದರೆ ಒತ್ತೊತ್ತಾದ ಎರಡು ಗೀಟು, ನಾವು ಕಲಿತ ‘n’ನ ಹಾಗೆ. ‘n’ ಕೂಡ ಎರಡು ಗೀಟೇ, ಸ್ವಲ್ಪ ಅಗಲ. ‘u’ ಕೂಡ ಎರಡು ಗೀಟೇ, ಆದರೆ ‘n’ ಜೊತೆ ಗೊಂದಲವಾಗದಿರಲೆಂದು ಅದರ ತಲೆಯ ಮೇಲೊಂದು ಸಣ್ಣ ಕೊಕ್ಕೆ. ಇಂಥ ಲಿಪಿಯನ್ನು ಮನುಷ್ಯರು ನಾಲ್ಕು ಶತಮಾನ ಬಳಸಿದರು ಎಂದರೆ ಕೃಪಾಳಿಗೆ, ಅಂದರೆ ಸುಘೋಷನ ಹೆಂಡತಿಗೆ, ಇನ್ನೂ ನಂಬಿಕೆ ಬಂದಿರಲಿಲ್ಲ.

ಲಿಡಿಯಾಳ ಸಾಲು ಸಿಕ್ಕಿತು. T. d. weil. ಅಂದರೆ ದಿವಂಗತ ಇಂಥವನ ಮಗಳು. ಅಪ್ಪ ನೇಕಾರ. 9 J. ಅಂದರೆ ಒಂಬತ್ತು ವರ್ಷ. get. ಅಂದರೆ ದೀಕ್ಷಾಸ್ನಾನವಾದದ್ದು, 8br ತಿಂಗಳಲ್ಲಿ. ಹೊಸಬರಾದರೆ ಎಂಟು ನೋಡಿ ಆಗಸ್ಟ್ ಅನ್ನುತ್ತಾರೆ. ಅದು ಲ್ಯಾಟಿನ್ನಿನ ಎಂಟು, ‘ಒಕ್ಟೋ’, ಅಂದರೆ ಅಕ್ಟೋಬರ್. ಈ ಗುಂಡಿಗೆ ಬೀಳದೆ ದಾಟಿದ ಸಂತೋಷದಲ್ಲಿ ಸುಘೋಷ ಎದ್ದು ಹೋಗಿ ಕಾಫಿ ಮಾಡಿಕೊಂಡ. ಊರಿನ ಹೆಸರು ಬೆಟಗೇರಿ ಎಂಬುದನ್ನಂತೂ ಒಂದೇ ನೋಟಕ್ಕೆ ಓದಿಬಿಟ್ಟಿದ್ದ. ಅಷ್ಟು ಸಲೀಸಾಗಿ ಓದಲು ಬಂದದ್ದೇಕೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಅವನು ಅದನ್ನು ತನ್ನ ಪ್ರತಿಭೆ ಎಂದುಕೊಂಡ.

ಉಳಿದದ್ದು fr. ಎಂಬುದರ ಮುಂದಿನ ಪದ. fr. ಅಂದರೆ ಇಲ್ಲಿ ‘ಮೊದಲು’. ಹಳೆಯ ಹೆಸರು ಅದೇ. ಶುರುವಿನ R ಸ್ಪಷ್ಟ. ಆಮೇಲೆ ಎರಡು ಗೀಟು. ಮೇಲೆ ಕೊಕ್ಕೆ ಇಲ್ಲ, ಆದ್ದರಿಂದ ‘n’. R ಆದಮೇಲೆ ನೇರ ‘n’ ಬರುವುದು ಹೇಗೆ? ನಡುವೆ ಒಂದು ‘e’ ಅಂಟಿಕೊಂಡಿರಬೇಕು ಎಂದು ಅದನ್ನೂ ತಾನೇ ಸೇರಿಸಿದ. ಆಮೇಲೆ dra. ಅಲ್ಲಿ ಪಾದ್ರಿ ಪೆನ್ನನ್ನು ಒಮ್ಮೆ ಎತ್ತಿದ ಹಾಗಿತ್ತು. ಮುಂದೆ ಎರಡು ‘w’, ಕೊನೆಗೆ ತಲೆ ತೆರೆದ ಒಂದು ಪುಟ್ಟ ಅಕ್ಷರ, ಎರಡೇ ಗೀಟು, ಅಂದರೆ ‘e’. Wwe. ಎಂದರೆ ವಿಟ್ವೆ, ವಿಧವೆ. ಇದು ಬಳಗದ ಸಂಕ್ಷಿಪ್ತ ರೂಪಗಳ ಪಟ್ಟಿಯಲ್ಲೇ ಇದೆ, ಅವನಿಗೆ ಬಾಯಿಪಾಠ.

ರೇಂದ್ರಾ, ವಿಧವೆ, ಒಂಬತ್ತು ವರ್ಷ.

ಲೋರ್ನಾಳಿಗೆ ತೋರಿಸಬೇಕು ಎಂದು ಕೃಪಾ ನೆನಪಿಸಿದಳು. ಇದು ನಮ್ಮ ಮನೆಯ ವಿಷಯ, ಅವಳಿಗೇನು ಗೊತ್ತಾಗುತ್ತೆ ಎಂದು ಸುಘೋಷ ಸ್ಪೀಕರ್ ಆನ್ ಮಾಡಿ ಬ್ಲ್ಯಾಕ್‌ಟೌನಿಗೆ ಫೋನ್ ಹಚ್ಚಿದ.

"ರೇಂದ್ರಾ! ಓ ಮೈ ಗಾಡ್, ಎಷ್ಟು ಕ್ಯೂಟ್ ಆಗಿದೆ," ಎಂದಳು ಅಮೃತನ ಹೆಂಡತಿ ಪಲ್ಲವಿ. ಪುಟ್ಟಮ್ಮ, ನಿಂಗವ್ವ ಥರದ್ದೇನಾದರೂ ಬಂದೀತೆಂದು ಅವಳು ವಾರದಿಂದ ಒಳಗೊಳಗೇ ಪ್ರಾರ್ಥನೆ ನಡೆಸಿದ್ದಳು. ಕೇಕಿನವರಿಗೆ ಹೆಸರಿನ ಸ್ಪೆಲಿಂಗ್ ಆಗಲೇ ಹೋಯಿತು. Wwe ಅಂದರೆ ಟೀವೀಲಿ ಬರೋ ಕುಸ್ತಿ ಅಲ್ವೇನೋ ಎಂದು ಅಮೃತ್ ನಗಾಡಿದ. ಬಾಲವಿಧವೆ ಎಂದು ಸುಘೋಷ ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಅಜ್ಜಿ ಕುರ್ಚಿ ಹಿಂದೆ ತಳ್ಳಿ ಎದ್ದು ಹೋದ ಸದ್ದು ಕೇಳಿಸಿತು.

ಮರುದಿನ ಅಮೃತ್ ಒಬ್ಬನೇ ಕಾರಿನಲ್ಲಿ ಕೂತು ಫೋನ್ ಮಾಡಿದ. "ಅಜ್ಜಿ ಸರಿಯಾಗಿ ಊಟ ಮಾಡ್ತಿಲ್ಲ ಕಣೋ. ಚರ್ಚಿಗೂ ಬರಲ್ಲ ಅಂತಿದಾರೆ. ನಿನ್ನ ಹತ್ರ ಮಾತಾಡ್ಬೇಕಂತೆ, ಬರ್ತೀಯಾ?"

ಸುಘೋಷ ಟಿಕೆಟ್ ನೋಡುವಷ್ಟರಲ್ಲಿ ಅಜ್ಜಿಯೇ ಸಂಜೆ ವಿಡಿಯೋದಲ್ಲಿ ಬಂದರು. ಕನ್ನಡಕ ತೆಗೆದಿದ್ದರು.

"ಸುಘೋಷಾ, ಅವ್ವ ಸತ್ತ ಮ್ಯಾಲೆ ನಾ ಅಜ್ಜಿ ತೊಡೀ ಮ್ಯಾಲೇ ಬೆಳದಾಕಿ. ಒಂದ ಕೌದಿಯೊಳಗ ಮಲಗತಿದ್ವಿ. ಇಂಥಾ ದೊಡ್ಡ ದುಃಖ ನುಂಗಿಕೊಂಡಿದ್ಲು, ನನಗ ಒಂದ ಮಾತು ಹೇಳಲಿಲ್ಲಲ್ಲೋ. ನಾ ಆಕಿಗೆ ಯಾರೂ ಅಲ್ಲೇನು?"

ಎಂಬತ್ತು ದಾಟಿದ ಹೆಂಗಸು ತನ್ನ ಅಜ್ಜಿಯ ಮೇಲೆ ಮುನಿಸಿಕೊಂಡು ಮಗುವಿನ ಹಾಗೆ ಮೂಗು ಒರೆಸಿಕೊಳ್ಳುವುದನ್ನು ಸುಘೋಷ ನೋಡಿದ. ಅಜ್ಜಿಗೆ ಹೇಳಲು ಇನ್ನೇನಾದರೂ ಆ ಪುಟದಲ್ಲಿ ಸಿಕ್ಕೀತೆಂದು ಶನಿವಾರ ಅದನ್ನು ಲೋರ್ನಾಳ ಮುಂದೆ ಇಟ್ಟ. ತಾನು ಏನು ಓದಿದ್ದೇನೆಂದು ಹೇಳಲಿಲ್ಲ. ನಿಯಮ ನಿಯಮವೇ.

ಲೋರ್ನಾ ಭೂತಗನ್ನಡಿ ಸರಿಸಿ ಸಾಲಿನ ಉದ್ದಕ್ಕೂ ಬೆರಳು ಎಳೆದಳು. ಆ ಪದದ ಹತ್ತಿರ ನಿಲ್ಲಲೂ ಇಲ್ಲ.

"ಇದೇನಿದು, ರು-ದ್ರಾ-ವ್ವಾ? ಹೆಸರಾ?"

"u ಅಲ್ಲ ಅದು," ಎಂದ ಸುಘೋಷ. "ಕೊಕ್ಕೆ ಇಲ್ಲ."

"ಕೊಕ್ಕೆ ಯಾಕಿರಬೇಕು? ಇದು ಕೂರೆಂಟ್ ಅಲ್ಲವಲ್ಲ."

ಲೋರ್ನಾ ಬಡಿವಾರವಿಲ್ಲದೆ ಹೇಳಿದಳು. ಜರ್ಮನ್ ಮಾತನ್ನು ಜರ್ಮನ್ ಲಿಪಿಯಲ್ಲಿ ಬರೆಯುತ್ತಿದ್ದವರು ಪರದೇಶದ ಹೆಸರು, ಊರು, ಲ್ಯಾಟಿನ್ ಪದ ಬಂದಾಗ ಕೈ ಬದಲಿಸಿ, ನಾವೆಲ್ಲ ಬರೆಯುವ ದುಂಡು ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದೇ ಸಾಲಿನಲ್ಲಿ ಎರಡು ಲಿಪಿ. ಬೆಟಗೇರಿಯೂ ಹಾಗೇ ಇದೆ ನೋಡು. ಸುಘೋಷ ನೋಡಿದ. ಅವನ ಪ್ರತಿಭೆಗೆ ಒಂದೇ ನೋಟಕ್ಕೆ ಓದಲು ಬಂದ ಆ ಪದ, ಹುಬ್ಬಳ್ಳಿಯ ಮಿಷನ್ ಸ್ಕೂಲಿನಲ್ಲಿ ಒಂದನೇ ಇಯತ್ತೆಯ ಮಗುವೂ ಓದಬಹುದಾದ ಅಕ್ಷರಗಳಲ್ಲಿತ್ತು.

"ಹಾಗಾದ್ರೆ Wwe?"

"ಎಲ್ಲಿ?" ಲೋರ್ನಾ ಪುಟದ ಕೆಳಗೆ ಹುಡುಕಿ ಬೇರೊಂದು ಸಾಲು ತೋರಿಸಿದಳು. "ಇಲ್ಲಿದೆ. ದೊಡ್ಡ W, ಮುಂದೆ ಚುಕ್ಕಿ, ಆಮೇಲೆ ಸತ್ತ ಗಂಡನ ಹೆಸರು. ನಿನ್ನ ಹುಡುಗಿಯ ಸಾಲಿನಲ್ಲಿ ಗಂಡ ಎಲ್ಲಿದ್ದಾನೆ? ಅದು ‘e’ ಅಲ್ಲ, ತಲೆ ಮುಚ್ಚದ ‘a’." ಆಮೇಲೆ ಅವನ ಮುಖ ನೋಡಿ, "ಯಾರಿಗಾದರೂ ಹೇಳಿಬಿಟ್ಟೆಯಾ?" ಎಂದಳು.

"ಕೇಕಿಗೂ ಹೇಳಿದೀನಿ," ಎಂದ ಸುಘೋಷ.

ಬಿಸ್ಕತ್ತಿನ ಡಬ್ಬಿ ಮತ್ತೆ ಮುಂದೆ ಬಂತು.

ಫೋನಿನಲ್ಲಿ ಹೇಳುವ ಧೈರ್ಯ ಆಗಲಿಲ್ಲ. ದೀಕ್ಷಾಸ್ನಾನದ ಹಿಂದಿನ ದಿನ ಸಿಡ್ನಿಗೆ ಹಾರಿ, ಬ್ಲ್ಯಾಕ್‌ಟೌನಿನ ಮನೆಯ ಸೋಫಾದ ತುದಿಯಲ್ಲಿ ಕೂತ. ಪುಟದ ಪ್ರಿಂಟ್ ಟೀಪಾಯಿಯ ಮೇಲಿಟ್ಟು, ತಾನು ಬೆಳೆಸಿಕೊಂಡಿದ್ದ ವಿದ್ಯೆಯೇ ತನ್ನ ಕಣ್ಣಿಗೆ ಮಣ್ಣೆರಚಿದ್ದನ್ನು ಅಕ್ಷರ ಅಕ್ಷರವಾಗಿ ಒಪ್ಪಿಸಿದ. ಲಿಡಿಯಾ ವಿಧವೆ ಆಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿ, ಅಪ್ಪ ಇರಲಿಲ್ಲ, ಅಷ್ಟೇ ಬರೆದಿದೆ. ಮುಚ್ಚಿಟ್ಟದ್ದು ಏನೂ ಇರಲಿಲ್ಲ. ದುಃಖವನ್ನು ಹುಟ್ಟಿಸಿದ್ದು ನಾನೇ ಎಂದ.

"ಸೋ, ನೇಮ್ ಏನು ಹಾಗಾದ್ರೆ?" ಎಂದಳು ಪಲ್ಲವಿ. ದನಿಯಲ್ಲಿ ಆಗಲೇ ಅನುಮಾನವಿತ್ತು.

"ರುದ್ರವ್ವ."

ಪಲ್ಲವಿ ಫ್ರಿಜ್ಜಿನ ಕಡೆ ನೋಡಿದಳು. ಕೇಕು ಅದರೊಳಗಿತ್ತು. ಅಮೃತ್ ಚಾವಣಿ ನೋಡಿದ. ಮಗು ತನ್ನ ಕಾಲ್ಚೀಲವನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು.

ಅಜ್ಜಿ ಮಾತ್ರ ಪ್ರಿಂಟಿನ ಮೇಲೆ ಬೆರಳಿಟ್ಟು ಕೂತಿದ್ದರು. "ಇನ್ನೊಮ್ಮೆ ಹೇಳು."

"ರುದ್ರವ್ವ, ಅಜ್ಜಿ."

"ರುದ್ರಿ," ಎಂದರು ಅಜ್ಜಿ. ಆಮೇಲೆ ಕನ್ನಡಕ ತೆಗೆದಿಟ್ಟರು. ಅಮೃತ್ ನೀರು ತರಲು ಎದ್ದ. ಅಜ್ಜಿ ಬೇಡವೆಂದು ಕೈ ಅಲ್ಲಾಡಿಸಿದರು.

"ರೊಟ್ಟಿ ಬಡಿಯೋವಾಗ ಕೈ ಸುಟ್ಟುಕೊಂಡ್ರ, ಹೊಸ್ತಿಲಾ ಎಡವಿದ್ರ, ಆಕಿ ತನಗ ತಾನ ಬೈಕೋತಿದ್ಲು. ‘ಏ ರುದ್ರೀ, ಕಣ್ಣ ಎಲ್ಲಿ ಇಟ್ಟೀಯ?’ ಅಂತ. ನಾ ಸಣ್ಣಾಕಿ. ರುದ್ರಿ ಅಂದ್ರ ಅಡಗಿ ಮನ್ಯಾಗ ಇರೋ ಯಾರೋ ಕೆಲಸದಾಕಿ, ನನ್ನ ಕಣ್ಣಿಗೆ ಕಾಣಂಗಿಲ್ಲ ಅಂತ ತಿಳಕೊಂಡಿದ್ದೆ. ಆಕೀಗೂ ಅಂತ ಒಂದ ತುಣುಕು ರೊಟ್ಟಿ ಒಲಿ ಹಿಂದ ಇಡತಿದ್ದೆ. ಅಜ್ಜಿ ನೋಡಿ ನಗತಿದ್ಲು. ಬ್ಯಾಡ ಅನ್ನಲಿಲ್ಲ. ಅದನ್ನ ತಾನ ತಿಂತಿದ್ಲು." ಅಜ್ಜಿ ಕಣ್ಣು ಒರೆಸಿಕೊಂಡರು. "ದಿನಾ ಹೇಳತಿದ್ಲಲ್ಲೋ. ನಾನ ಕೇಳಿಸಿಕೊಂಡಿಲ್ಲ."

ಪಲ್ಲವಿ ಎದ್ದು ಹೋಗಿ ಫ್ರಿಜ್ ತೆರೆದು, ಕೇಕಿನ ಡಬ್ಬಿ ಹೊರಗೆ ತಂದು, ಬೆಣ್ಣೆ ಹಚ್ಚುವ ಚಾಕುವಿನಿಂದ ‘Rendra’ದ R ಪಕ್ಕದ ಎರಡು ಅಕ್ಷರಗಳನ್ನು ಕೆರೆದಳು. ಅಲ್ಲೊಂದು ‘u’ ಬರೆದು, ಕೊನೆಯ ‘a’ಯನ್ನು ‘i’ ಮಾಡಲು ಅದರ ಹೊಟ್ಟೆಯನ್ನು ಕೆರೆದುಹಾಕಿ, ಕ್ರೀಮಿನಿಂದ ಒಂದು ಚುಕ್ಕಿ ಇಟ್ಟಳು. ಅಕ್ಷರ ಚೆನ್ನಾಗಿ ಬರಲಿಲ್ಲ.

"ಓದಕ್ಕೆ ಬರತ್ತಾ?" ಎಂದು ಸುಘೋಷನನ್ನು ಕೇಳಿದಳು.

ಸುಘೋಷ ಬಗ್ಗಿ ನೋಡಿದ. ಬರುತ್ತಿತ್ತು. ಆದರೂ ತಾನು ಏನು ಓದಿದೆನೆಂದು ಹೇಳದೆ, ಡಬ್ಬಿಯನ್ನು ಅಜ್ಜಿಯ ಕಡೆ ತಿರುಗಿಸಿ ಇಟ್ಟ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಕೆರೆದ ಕೇಕಿನ ಒಂದು ತುಣುಕನ್ನು ಚಾಕುವಿನಿಂದ ತೆಗೆದು, ಒಂದು ಸಣ್ಣ ತಟ್ಟೆಗೆ ಹಾಕಿ, ಗ್ಯಾಸ್ ಒಲೆಯ ಹಿಂದೆ ಇಟ್ಟು ಬಂದರು.