ಬಕೆಟ್ ಹಿಡಿಕೆಯ ಗುಡ್ಡ

ಅಕ್ಕಲಕೋಟದ ಗುರುಸಿದ್ಧ ಸರ್ ಓಡುವ ಎಸ್‌ಟಿ ಬಸ್ಸಿನ ಛಾವಣಿಯ ಮೇಲೆ ಕೂತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎಡಗಾಲಿನ ಬೆರಳಲ್ಲಿ ಸೀಮೆಸುಣ್ಣ ಹಿಡಿದು ಘನ ಸಮೀಕರಣದ ಗ್ರಾಫ್ ಬರೆದರೆ, ಎದುರಿಗೆ ಬಂದ ಲಾರಿಯ ಡ್ರೈವರ್ ಅದನ್ನು ನೋಡಿದ್ದಷ್ಟಕ್ಕೇ ಹನ್ನೆರಡನೇ ತರಗತಿ ಪಾಸಾಗಿಬಿಟ್ಟ. ಬೇಕಾದರೆ ಸರ್ ಅವರನ್ನೇ ಕೇಳಿ. ಅವರು ಹೇಳುವಾಗ ಲಾರಿ ಎರಡಾಗುತ್ತವೆ.

ಅಂಥ ಸರ್ ಆ ದಿನ ಕೆಂಡವಾಗಿ ಸೊಲ್ಲಾಪುರಕ್ಕೆ ಹೊರಟಿದ್ದರು. ಅವರ ಸಿಟ್ಟಿನ ಕಾವಿಗೆ ಬಸ್ಸಿನ ಕಿಟಕಿಗಳು ಬೆವತವು, ದಾರಿಯ ಹೊಲದ ಜೋಳ ನಿಂತಲ್ಲೇ ಅರಳಾಯಿತು. ಕಾರಣ ಇಷ್ಟೇ: ಅವರ ಟ್ಯೂಷನ್ನಿಗೆ ಬರುವ ಹನ್ನೂರಿನ ಶ್ರದ್ಧಾ ಮತ್ತು ಅವಳ ಗೆಳತಿಯರ ಉತ್ತರಪತ್ರಿಕೆಗಳ ಮೇಲೆ ಸೊಲ್ಲಾಪುರದ ಕಾಲೇಜಿನ ನೀಲಗಂಗಾ ಮೇಡಂ ‘ನಕಲು’ ಎಂದು ಬರೆದಿದ್ದರು. ವಿಷಯ ಪ್ರಿನ್ಸಿಪಾಲರವರೆಗೆ ಹೋದರೆ ಶ್ರದ್ಧಾಳಿಗೆ ಈ ವರ್ಷ ಬೋರ್ಡ್ ಪರೀಕ್ಷೆ ಇಲ್ಲ.

ಗಣಿತ ವಿಭಾಗದ ಬಾಗಿಲಲ್ಲಿ ಶ್ರದ್ಧಾ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಸರ್ ಅವಳನ್ನು ದಾಟಿ ಒಳಗೆ ನುಗ್ಗಿದರು.

"ನನ್ನ ಪೋರಿಗೋಳು ನಕಲ ಮಾಡಬೇಕಂದ್ರ ಸೂರ್ಯ ಪಶ್ಚಿಮದ ಮಂಗಳವೇಢೆ ಕಡಿಂದ ಹುಟ್ಟಬೇಕ್ರಿ ಮೇಡಂ."

"ಮೊದಲ ಇದನ್ನ ನೋಡ್ರಿ ಸರ್," ಎಂದು ಮೇಡಂ ಎರಡು ಪತ್ರಿಕೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಬೆಳಕಿನಲ್ಲಿ ಎರಡು ಗ್ರಾಫಿನ ಗೆರೆಗಳೂ ಒಂದೇ ಆಗಿ ಕಂಡವು. "ಗುಡ್ಡದ ಮ್ಯಾಲ ಗುಡ್ಡ, ಕಣಿವಿ ಮ್ಯಾಲ ಕಣಿವಿ. ಮಜಾ ಏನಂದ್ರ, ಈ ಸಮೀಕರಣಕ್ಕ ಗುಡ್ಡನೂ ಇಲ್ಲ, ಕಣಿವಿನೂ ಇಲ್ಲ."

ಸರ್ ಪ್ರಶ್ನೆ ಓದಿದರು: y = x³ − 3x² + 4x.

"ಘನ ಅಂದಮ್ಯಾಲ ಗುಡ್ಡ ಇರಾಕೇಬೇಕು. ಲಕ್ಷ ಸಲ ಬರದೀನಿ."

"ಲಕ್ಷದ ಮ್ಯಾಲ ಒಂದ್ ಸಲ ಬರೀರಿ," ಎಂದು ಮೇಡಂ ಸೀಮೆಸುಣ್ಣ ಕೊಟ್ಟರು.

ಸರ್ ಕೈ ಬೀಸಿ, ಏರಿಸಿ, ಇಳಿಸಿ, ಮತ್ತೆ ಏರಿಸಿದರು. ಬೋರ್ಡ್ ತುಂಬಾ ಗುಡ್ಡ.

"ಅಳಸ್ರಿ ಸರ್ ಅದನ್ನ," ಎಂದಳು ಶ್ರದ್ಧಾ. ಒಳಗೆ ಬಂದು ಅವರ ಕೈಯಿಂದ ಸುಣ್ಣ ಕಿತ್ತುಕೊಂಡು, ಬೋರ್ಡಿಗೆ ಹೊಡೆಯುವಂತೆ ಬರೆದಳು. "ಮೊದಲ ಡೆರಿವೇಟಿವ್ 3x² − 6x + 4. ಅಂದ್ರ 3(x − 1)² + 1. ವರ್ಗ ಎಂದೂ ಮೈನಸ್ ಆಗಂಗಿಲ್ಲ, ಅದಕ್ಕ ಇದು ಒಂದರ ಕೆಳಗ ಇಳಿಯಂಗಿಲ್ಲ. ಸೊನ್ನಿನೇ ಆಗದಿದ್ರ ಗೆರಿ ತಿರುಗೋದು ಎಲ್ಲಿ? ಬರೇ ಏರತದ." ಸುಣ್ಣ ಮುರಿಯಿತು. ತುಂಡಿನಲ್ಲೇ ಮುಂದುವರಿಸಿದಳು. "ಎರಡನೇದು 6x − 6. x ಒಂದಾದಾಗ ಸೊನ್ನಿ. ಎಡಕ್ಕ ಮೈನಸ್, ಬಲಕ್ಕ ಪ್ಲಸ್. ಬಾಗು ಬದಲಾಗೋ ಬಿಂದು (1, 2)."

ಬಿಂದು ಗುರುತಿಸಿ ಗೆರೆ ಎಳೆದಳು. ಅದು ಎಡಗಡೆ ಬೋರ್ಡಿನ ತಳದಿಂದ ಕಡಿದಾಗಿ ಎದ್ದು, ಬರಬರುತ್ತ ಓರೆಯಾಗಿ, (1, 2) ದಾಟಿದ ಮೇಲೆ ಮತ್ತೆ ಕಡಿದಾಗಿ ಬಲತುದಿಯ ಅಂಚು ಮೀರಿ ಹೋಯಿತು. ಎಲ್ಲೂ ಇಳಿಯಲಿಲ್ಲ.

"ಪೇಪರ್‌ದಾಗೂ ಇದನ್ನೇ ಬರದೀಯಲ್ಲವಾ," ಎಂದರು ಮೇಡಂ. "ತಿರುವು ಇಲ್ಲ ಅಂತ ಬರದು ಕೆಳಗ ಗುಡ್ಡ ಯಾಕ ತಗದಿ? ಅದಕ್ಕೇ ನಾ ನಕಲು ಅಂದೆ."

ಶ್ರದ್ಧಾ ಸರ್ ಕಡೆ ನೋಡಿದಳು. ಸರ್‌ಗೆ ಉತ್ತರ ಗೊತ್ತಿತ್ತು. ಆದರೆ ತಮ್ಮ ಟ್ಯೂಷನ್ ಕ್ಲಾಸಿನ ಬಣ್ಣದ ನಾಮಫಲಕ, ಅದರ ಮೇಲಿನ ತಮ್ಮ ಆಳೆತ್ತರದ ಫೋಟೊ ಕಣ್ಣ ಮುಂದೆ ಬಂತು.

"ಬಾಜೂದವ್ರದ ನೋಡಿರಬೇಕ್ರಿ ಮೇಡಂ. ಹುಡುಗ ಬುದ್ಧಿ."

ಶ್ರದ್ಧಾ ಕಂಪಾಸ್ ಪೆಟ್ಟಿಗೆ ತೆಗೆದು, ಬಾಗಿದ ತಂತಿಯೊಂದನ್ನು ಮೇಜಿನ ಮೇಲೆ ಒಗೆದಳು.

"ಲೆಕ್ಕ ಗುಡ್ಡ ಇಲ್ಲ ಅಂತು ಸರ್. ನೀವು, ಲೆಕ್ಕ ತಪ್ಪಬಹುದು, ತಂತಿ ತಪ್ಪಂಗಿಲ್ಲ ಅಂದಿದ್ರಿ. ನಾ ನನ್ನ ಲೆಕ್ಕ ಬಿಟ್ಟು ನಿಮ್ಮನ್ನ ನಂಬಿದೆ. ಈಗ ನಾನೇ ಕಳ್ಳಿ?"

ಮೇಡಂ ತಂತಿಯನ್ನು ಪತ್ರಿಕೆಯ ಮೇಲಿಟ್ಟರು. ಗುಡ್ಡಕ್ಕೆ ಗುಡ್ಡ ಕೂತಿತು.

"ಇದೇನ್ರಿ ಸರ್?"

ಕ್ಲಾಸಿನಲ್ಲಿ ಸರ್ ಅದನ್ನು ಜರ್ಮನಿಯ ಉಪಕರಣ ಎನ್ನುತ್ತಿದ್ದರು. ಈಗಲೂ ಅದನ್ನೇ ಹೇಳಲು ಬಾಯಿ ತೆರೆದರು. ಶ್ರದ್ಧಾ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಸರ್ ಬಾಯಿ ಮುಚ್ಚಿ, ಕುರ್ಚಿಯ ತುದಿಗೆ ಕೂತರು.

"ನಮ್ಮ ಮನಿ ಬಕೆಟ್ ಹಿಡಿಕೀರಿ. ಒಂದು ಬಗ್ಗಿಸಿ, ಅದರ ಅಳತೀಗೆ ಎಲ್ಲಾರಿಗೂ ಮಾಡಿಕೊಟ್ಟೆ. ಘನ ಬಂದ್ರ ಇದನ್ನಿಟ್ಟು ಗೆರಿ ಎಳೀರಿ, ಮೈನಸ್ x³ ಬಂದ್ರ ಮಗಚಿ ಹಾಕ್ರಿ ಅಂತಿದ್ದೆ. ಗುಡ್ಡ ಇಲ್ಲದ್ದೂ ಇರತದ ಅಂತ... ಲೆಕ್ಕ ಮಾಡಿ ನೋಡೋದು ಬಿಟ್ಟು ಭಾಳ ದಿವಸ ಆತು. ಈಕಿ ನಕಲ ಮಾಡಿಲ್ಲ. ಯಾರೂ ಮಾಡಿಲ್ಲ. ತಪ್ಪು ನಂದು."

"ಪ್ರಿನ್ಸಿಪಾಲರ ಮುಂದ ಹಿಂಗೇ ಹೇಳ್ತೀರಿ?"

"ಹೇಳ್ತೀನ್ರಿ."

ಮೇಡಂ ‘ನಕಲು’ ಎಂಬುದನ್ನು ಹೊಡೆದುಹಾಕಿ, ಲೆಕ್ಕಕ್ಕೆ ಅಂಕ ಕೊಟ್ಟರು, ಗೆರೆಗೆ ಕೊಡಲಿಲ್ಲ.

ಶ್ರದ್ಧಾಳ ಮುಖ ಸಡಿಲಾಗಲಿಲ್ಲ. "ಲಾರಿ ಡ್ರೈವರಂದೂ ಹೇಳ್ರಿ ಸರ್."

ಸರ್ ತಂತಿಯನ್ನು ಬೆರಳಲ್ಲಿ ತಿರುವುತ್ತ ಕೂತರು.

"ಬಸ್ಸು ನಿಂತಿತ್ತವ್ವಾ. ನಾ ಒಳಗ ಸೀಟಿನ ಮ್ಯಾಲ ಕೂತಿದ್ದೆ. ಇದೇ ತಂತಿ ಇಟ್ಟು ಗೀಚಿದೆ." ತಂತಿಯನ್ನು ಮೇಜಿನ ಮೇಲಿಟ್ಟರು. "ಲಾರಿ ಬಂದೇ ಇದ್ದಿಲ್ಲ."