ಲೆಕ್ಕಕ್ಕೆ ಸೇರದ ಅಳು

ಉದ್ದನಪಲ್ಲಿಯ ಮುತ್ತರಾಯಪ್ಪನ ಎತ್ತು ಸತ್ತಾಗ ಮುದುಕ ಅದರ ಕೊರಳು ತಬ್ಬಿಕೊಂಡು ಗೋಳೋ ಎಂದು ಅತ್ತ. ಮಗ ಮೂರ್ತಿ ಸಮಾಧಾನ ಮಾಡಲಿಲ್ಲ, ಫೋನ್ ಹಿಡಿದ. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಇಲ್ಲಿ ಹಿರಿದವನು ಹೆತ್ತ ಮಗ.

ಅರ್ಧ ಗಂಟೆಯ ಆ ಅಳು ಯೂಟ್ಯೂಬಿನಲ್ಲಿ ಓಡಿದ್ದೇ ಓಡಿದ್ದು. ಮೂರ್ತಿಯ ಚಾನೆಲ್ಲಿಗೆ ಸಾವಿರಕ್ಕೂ ಮೀರಿ ಸಬ್‌ಸ್ಕ್ರೈಬರ್ ಸೇರಿದರು. ಜಾಹೀರಾತಿನ ದುಡ್ಡು ಬರಬೇಕಾದರೆ ಅಷ್ಟೇ ಸಾಲದು, ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ನಾಲ್ಕು ಸಾವಿರ ಗಂಟೆ ನೋಡಿರಬೇಕು. ಸ್ಟುಡಿಯೋ ಆ್ಯಪಿನ ಗಳಿಕೆ ತೋರಿಸುವ ಅರ್ನ್ ಪುಟದಲ್ಲಿ ನೋಡಿದ ಗಂಟೆಗಳ ಗೆರೆ ಮುಕ್ಕಾಲು ದಾಟಿ, ಇನ್ನೇನು ಮುಟ್ಟಿತು ಅನ್ನುವಲ್ಲಿ ನಿಂತುಬಿಟ್ಟಿತು. ಮೂರು ಸಾವಿರ ಗಂಟೆಗೇ ನೋಡುಗರ ಕಾಣಿಕೆ ಪಡೆಯುವ ಸಣ್ಣ ಬಾಗಿಲು ತೆರೆಯುತ್ತದೆ. ಮೂರ್ತಿ ಅದನ್ನು ಭಿಕ್ಷೆ ಅಂದ. ಮಾನಸ್ಥ ನೋಡಿ!

ವರ್ಷ ತುಂಬುತ್ತಿದ್ದಂತೆ ಗೆರೆ ಹಿಂದಕ್ಕೆ ಸರಿಯತೊಡಗಿತು.

"ವರ್ಷದ ಹಿಂದೆ ನೋಡಿದ್ದು ಲೆಕ್ಕಕ್ಕಿಲ್ಲ ಕಣ್ರೀ, ದಿನಾ ಉದ್ರೋಯ್ತದೆ" ಎಂದಳು ಹೆಂಡತಿ ಶ್ಯಾಮಲಾ.

"ಅಂಗಾದ್ರೆ ಅಪ್ಪ ಇನ್ನೊಂದ್ ಸಲ ಅಳ್ಬೇಕು" ಎಂದ ಮೂರ್ತಿ.

ಮುದುಕನಿಗೆ ಉಳಿದಿದ್ದುದು ಕೆಂಪಿ ಎಂಬ ಹಸು. ಕರುವಾಗಿದ್ದಾಗಿನಿಂದ ಕೈತುತ್ತು ಕೊಟ್ಟು ಸಾಕಿದ್ದ. ಮೂರ್ತಿ ಅಪ್ಪನನ್ನು ಕೇಳದೆ ಅದನ್ನು ಮಾರಿ, ಟೆಂಪೋವನ್ನು ಮನೆ ಬಾಗಿಲಿಗೇ ಕರೆಸಿದ.

"ನನ್ ಜೀವ ಬೇಕಾದ್ರೆ ತಗೋ ಕಣ್ಲಾ, ಅದನ್ನ ಬಿಟ್ಬುಡು" ಎಂದು ಮುದುಕ ಟೆಂಪೋದ ಹಿಂದೆ ಓಡಿ ಮುಗ್ಗರಿಸಿ ಬಿದ್ದ. ಮಣ್ಣಲ್ಲಿ ಕೂತು ಅತ್ತ. ಫೋನಿನಲ್ಲಿ ಎಲ್ಲ ಹಿಡಿದುಕೊಂಡ ಮೂರ್ತಿ ಹೊಟ್ಟೆ ತುಂಬಿದವನಂತೆ ನಕ್ಕ. ಆ ನಗು ನೋಡಿದ್ದರೆ ನಿಮಗೂ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು.

ಎರಡು ಲಕ್ಷ ಜನ ನೋಡಿದರು. ಅರ್ನ್ ಪುಟದ ಗಂಟೆ ಮಾತ್ರ ಏರಲಿಲ್ಲ.

"ಫೋನ್ ನೆಟ್ಟಗೆ ಹಿಡ್ದು ಎರಡೇ ನಿಮಿಷಕ್ಕೆ ಕತ್ತರ್ಸಿ ಹಾಕಿದೀರ" ಎಂದು ಶ್ಯಾಮಲಾ ಹಣೆ ಚಚ್ಚಿಕೊಂಡಳು. "ಅದು ಶಾರ್ಟ್ಸ್, ಚಿಕ್ಕ ವಿಡಿಯೋ ಆಗೋಯ್ತು. ಶಾರ್ಟ್ಸ್ ಫೀಡಲ್ಲಿ ನೋಡಿದ್ದು ಈ ನಾಕ್ ಸಾವ್ರಕ್ಕೆ ಸೇರಲ್ಲ. ಅದ್ರ ದಾರೀಲಿ ಹೋಗ್ಬೇಕಂದ್ರೆ ತೊಂಬತ್ತು ದಿನದಲ್ಲಿ ಒಂದು ಕೋಟಿ ವ್ಯೂಸ್ ಬೇಕು."

"ಪೂರ್ತಿ ವಿಡಿಯೋ?"

"ಅಳಿಸ್ಬುಟ್ಟಿದೀರಲ್ಲ, ಫೋನಲ್ಲಿ ಜಾಗ ಇಲ್ಲ ಅಂತ."

ಜಗಲಿಯಲ್ಲಿ ಕೂತ ಮುದುಕನಿಗೆ ಎಲ್ಲ ಕೇಳಿಸುತ್ತಿತ್ತು. ಮೂರ್ತಿ ಫೋನನ್ನು ಅಡ್ಡ ತಿರುಗಿಸಿಕೊಂಡು ಹೊರಗೆ ಬಂದ.

"ಅಪ್ಪಾ, ಅವ್ವ ಸತ್ತಾಗ ಏನೇನಾಯ್ತು, ಒಸಿ ಹೇಳು. ಮೊದ್ಲಿಂದ ಹೇಳು."

ಮುತ್ತರಾಯಪ್ಪ ಬೈಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಬೆಳಕು ಬೀಳುವ ಕಡೆಗೆ ಸರಿದು ಕೂತ.

"ಎಷ್ಟೊತ್ತು ಅಳ್ಬೇಕಪ್ಪಾ?" ಎಂದು ಕೇಳಿದ.