ಎಂಟನೆಯ ಕೋಣೆಗೆ ದಾರಿ

ಕೊಟ್ಟೂರಿನಲ್ಲಿ ಹಿಂದಿ ಓದುವವರು ಇಬ್ಬರೇ ಎಂದು ನಾನು ತಮಾಷೆ ಮಾಡುತ್ತಿದ್ದೆ: ಹೈಸ್ಕೂಲಿನಲ್ಲಿ ಅದನ್ನು ಕಲಿಸುವ ನಾನು, ಮತ್ತು ಬೇರೆ ಕಡೆಯಿಂದ ವರ್ಗವಾಗಿ ಬಂದಿದ್ದ ಸ್ಟೇಶನ್ ಮಾಸ್ತರರು. ಆದರೂ ಎಂಬತ್ನಾಲ್ಕರಲ್ಲಿ ನಮ್ಮೂರ ಧರ್ಮಾಸ್ಪತ್ರೆಯ ಬೋರ್ಡುಗಳಲ್ಲಿ ಹಿಂದಿ ಇರಲೇಬೇಕೆಂದಾಯಿತು. ಹೊಸ ಕಟ್ಟಡಕ್ಕೆ ದಿಲ್ಲಿಯಿಂದ ನೆರವು ಬಂದಿತ್ತು, ಅದರ ಬೆನ್ನಿಗೇ ಷರತ್ತೂ ಬಂದಿತ್ತು. ಎಲ್ಲ ವಿಭಾಗಗಳ ಹೆಸರು, ದಾರಿ ತೋರಿಸುವ ಫಲಕಗಳು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರಬೇಕು.

"ನಾಗಲಿಂಗಮ್ಮೋರ, ನಿಮ್ಮ ಹಿಂದಿಗೆ ಈಗರ ಒಂದು ಕೆಲಸ ಬಂತು ನೋಡ್ರಿ" ಎಂದು ಟ್ರಸ್ಟಿನ ಅಧ್ಯಕ್ಷ ಗುರುಸಂಗಪ್ಪನವರು ನಕ್ಕರು. ಅವರದು ಹತ್ತಿ ವ್ಯಾಪಾರ. ಕನ್ನಡದ ಭಾಗಕ್ಕೆ ನಮ್ಮ ಶಾಲೆಯ ಪಂಡಿತ ಪಂಚಾಕ್ಷರಪ್ಪನವರು, ಇಂಗ್ಲಿಷಿಗೆ ಆಸ್ಪತ್ರೆಯ ಹಿರಿಯ ಡಾಕ್ಟರ್ ಬೆನಕಪ್ಪನವರು, ಹಿಂದಿಗೆ ನಾನು. ಬರೆಯುವವನು ಪೇಂಟರ್ ಮಂಜಣ್ಣ.

ಪಂಡಿತರು ಮೊದಲ ದಿನವೇ ಬಹಿರ್ರೋಗಿ ವಿಭಾಗ, ಕ್ಷ-ಕಿರಣ ವಿಭಾಗ, ಪ್ರಸೂತಿ ವಿಭಾಗ ಎಂದು ಪಟ್ಟಿ ಮಾಡಿ ತಂದರು. ಹೊಟ್ಟೆ ಹಿಡಿದುಕೊಂಡು ಬಂದವನು "ಬಹಿರ್ರೋಗಿ" ಎಂದು ಕೂಡಿಸಿ ಓದುವಷ್ಟರಲ್ಲಿ ಒಳರೋಗಿ ಆಗಿರುತ್ತಾನೆ ಎಂದು ನಾನು ಹೇಳಿದೆ. ಅವರಿಗೆ ಸಿಟ್ಟು ಬಂತು. ಆದರೆ ಒಳ್ಳೆಯ ಮನುಷ್ಯ, ಮರುದಿನ ಅವರೇ ಬಂದು ಗೇಟಿನ ಹತ್ತಿರ ಕೂತು ಜನ ಏನು ಕೇಳುತ್ತಾರೋ ಕೇಳೋಣ ಎಂದರು. ಕೂತೆವು. ಕೂಡ್ಲಿಗಿ ಬಸ್ಸು, ಹಡಗಲಿ ಬಸ್ಸು ಬಂದಾಗಲೆಲ್ಲ ಗಾಬರಿಯಾದ ಮುಖಗಳು ಗೇಟಿಗೆ ಬಂದು ನಿಲ್ಲುತ್ತಿದ್ದವು. "ಚೀಟಿ ಎಲ್ಲಿ ಮಾಡಸ್ತಾರ್ರಿ?" "ಗುಳಿಗಿ ಎಲ್ಲಿ ಕೊಡ್ತಾರ?" "ಹೆರಿಗಿ ಆದಾಕಿ ಯಾಕಡಿ ಅದಾಳ?"

ಅದರಂತೆಯೇ ಬರೆದೆವು. ಚೀಟಿ ಮಾಡಿಸುವ ಸ್ಥಳ. ಔಷಧಿ ಕೊಡುವ ಸ್ಥಳ. ಹೆರಿಗೆ ವಾರ್ಡು. ಎಕ್ಸ್‌ರೇ ಎಕ್ಸ್‌ರೇಯಾಗಿಯೇ ಉಳಿಯಿತು. ಹಿಂದಿಯಲ್ಲಿ ನಾನೂ ನೋಂದಣಿಗೆ ಪಂಜೀಕರಣ ಎನ್ನದೆ ಪರ್ಚಿ, ಅಂದರೆ ಚೀಟಿ, ಎಂದೇ ಬರೆದೆ, ಓದುವವರು ಯಾರೂ ಇಲ್ಲದಿದ್ದರೂ ಮರ್ಯಾದೆಯಿಂದ ಬರೆಯಬೇಕಲ್ಲ. ಡಾಕ್ಟರು ಒಂದು ನಿಯಮ ಹಾಕಿದರು: ಚೀಟಿಯಲ್ಲಿ ಯಾವ ಹೆಸರು ಬರೆಯುತ್ತಾರೋ ಅದೇ ಹೆಸರು ಬಾಣದ ಬೋರ್ಡಿನಲ್ಲಿ, ಅದೇ ಬಾಗಿಲ ಮೇಲೆ. ದಾರಿ ತಿರುಗುವ ಕಡೆಯಲ್ಲೆಲ್ಲ ಒಂದು ಬೋರ್ಡು. ಕನ್ನಡ ಮೇಲೆ, ದೊಡ್ಡದಾಗಿ. ವಾಪಸು ಬರುವವರಿಗೆ ಹಿಂಬದಿಯಲ್ಲಿ ಹೊರಗೆ ಹೋಗುವ ದಾರಿ.

ಗೇಟಿನಲ್ಲಿ ಕೂತಷ್ಟು ದಿನವೂ ಒಂದೇ ಒಂದು ವಿಭಾಗದ ದಾರಿಯನ್ನು ಯಾರೂ ಕೇಳಲಿಲ್ಲ. ಅದು ಕ್ಷಯದ್ದು. ಹಿತ್ತಲ ಕಡೆ ಬೇವಿನ ಗಿಡದ ಆಚೆ ಒಂದು ಕೋಣೆಯಲ್ಲಿತ್ತು. ಪಂಡಿತರು ಇದನ್ನೇ ಹಿಡಿದರು. "ಯಾರೂ ಕೇಳವಲ್ರು ಅಂದ್ರ ಅಂಥಾದೊಂದು ಐತಿ ಅಂತನ ಜನಕ್ಕ ಗೊತ್ತಿಲ್ಲ. ಅದರ ಬೋರ್ಡು ಎಲ್ಲಾಕಿನ ದೊಡ್ಡದು ಮಾಡ್ರಿ." ರೋಗಿಗಳು ಇನ್ನೂ ಬರಲಿ ಎಂಬ ಆಸೆ ಡಾಕ್ಟರಿಗೆ. ಎಲ್ಲರೂ ತಲೆಯಾಡಿಸಿದೆವು. ಮಂಜಣ್ಣ ಗೇಟಿನಿಂದ ಬೇವಿನ ಗಿಡದವರೆಗೆ ಕ್ಷಯರೋಗ ವಿಭಾಗ ಎಂದು ಮೂರು ಭಾಷೆಯಲ್ಲಿ, ಬಾಣ ಸಮೇತ, ಮುತ್ತಿನಂತೆ ಬರೆದ.

ಬೋರ್ಡುಗಳು ಏರಿದವು. ಜನ ಕೇಳುವುದು ಕಡಿಮೆಯಾಯಿತು, ಅಲೆಯುವುದು ನಿಂತಿತು. ನಮ್ಮ ನಾಲ್ವರಿಗೂ ಹೆಮ್ಮೆ.

ಎರಡು ತಿಂಗಳಾಗಿರಬೇಕು, ಡಾಕ್ಟರು ನನ್ನನ್ನು ಕರೆಸಿದರು. "ನಿಮ್ಮ ಓಣ್ಯಾಗ ಮಾಳಮ್ಮ ಅಂತ ಅದಾಳಲ್ರಿ, ಗುಳಿಗಿ ಒಯ್ಯಾಕ ಬಂದಿಲ್ಲ. ಆಕಿ ಒಬ್ಬಾಕಿನ ಅಲ್ಲ. ಹಳಬ್ರಾಗ ಅರ್ಧ ಮಂದಿ ಬರವಲ್ರು."

ಮಾಳಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ತಂದೆ ಗಾಳೆಪ್ಪ ಹತ್ತಿ ಜಿನ್ನಿನಲ್ಲಿ ಕೆಲಸ, ತಾಯಿ ದುರುಗಮ್ಮ. ಹುಡುಗಿ ಹೊಲಿಗೆ ಕಲಿತು ಓಣಿಯವರ ಕುಪ್ಪಸವೆಲ್ಲ ತಾನೇ ಹೊಲಿಯುತ್ತಿದ್ದಳು. ಅವಳಿಗೆ ಆ ರೋಗ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು: ಇಂಜೆಕ್ಷನ್ನುಗಳೆಲ್ಲ ಮುಗಿದಿವೆ, ಜ್ವರ ಕೆಮ್ಮು ಇಳಿದಿದೆ, ಆದರೆ ಗುಳಿಗೆ ಇನ್ನೂ ಸುಮಾರು ಒಂದು ವರ್ಷ ನುಂಗಬೇಕು. ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಬಂದಾಗ ಇದೇ ಗುಳಿಗೆಗೆ ಬಗ್ಗುವುದಿಲ್ಲ. ಬೇರೆ ಒಳ್ಳೆಯ ಔಷಧಿ ನಮ್ಮ ಕಡೆ ಇನ್ನೂ ಬಂದಿಲ್ಲ.

ಸಂಜೆಯೇ ಹೋದೆ. ದುರುಗಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಮಾಳಮ್ಮ ಮಷೀನಿನಿಂದ ಎದ್ದು ನಿಂತಳು. ಮೈ ತುಂಬಿಕೊಂಡಿದ್ದಳು, ಕಣ್ಣಲ್ಲಿ ಕಳೆ ಬಂದಿತ್ತು.

"ಗುಳಿಗಿ ಯಾಕ ಬಿಟ್ಟೀ?"

"ಬಿಡಬೇಕಂತ ಬಿಟ್ಟಿಲ್ರಿ ಅಕ್ಕೋರ. ಮೊದ್ಲು ಡಬರಿ ಹಿಡ್ಕಂಡು, ಯಾರಿಗೋ ಊಟ ಒಯ್ಯಾಕಿ ಆದಂಗ ಹೋಗಿ ಬರ್ತಿದ್ದೆ. ಗಿಡದ ಕಡಿ ಹೋದಾಕಿ ಎಲ್ಲಿ ಹೋದ್ಲು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಆ ಕಡಿ ಒಂದು ಹೆಜ್ಜಿ ಇಟ್ರ ಮೂರು ಭಾಷೆದಾಗ ಗೊತ್ತಾಕ್ಕತಿ."

ಯಾರೂ ದಾರಿ ಕೇಳದಿದ್ದುದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಊರ ಎದುರು ಬಾಯಿ ಬಿಟ್ಟು ಕೇಳುವ ಹೆಸರಲ್ಲ ಅದು. ಕ್ಷಯದ ಮನೆ ಎಂದರೆ ಹೆಣ್ಣು ಒಯ್ಯುವವರಿಲ್ಲ, ಕೊಡುವವರಿಲ್ಲ, ನೀರು ಕುಡಿಯುವವರೂ ಇಲ್ಲ.

"ಹೊಳಲಿನ ಕಡಿಂದ ನೋಡಾಕ ಬರೋರಿದಾರ್ರಿ" ಎಂದಳು ದುರುಗಮ್ಮ. "ಹುಡುಗ ಕೆಇಬಿಯಾಗ ಲೈನ್‌ಮನ್ ಅದಾನ. ನಮ್ಮಂಥೋರಿಗೆ ಇಂಥಾ ಸಂಬಂಧ ಮತ್ತ ಬರಂಗಿಲ್ಲ. ನೀವ ಹೇಳ್ರಿ, ನಾವೇನು ಮಾಡ್ಬೇಕು?"

ಗುಳಿಗೆ ನಾನೇ ತಂದುಕೊಡುತ್ತೇನೆ ಎಂದೆ. ಡಾಕ್ಟರು ಒಪ್ಪಿದರು, ಆದರೆ ಕಫ ಪರೀಕ್ಷೆಗೆ, ತೂಕಕ್ಕೆ ಅವಳು ಬರಲೇಬೇಕು ಎಂದರು. ಅವಳು ಬರಲಿಲ್ಲ.

ಬೋರ್ಡು ತೆಗೆಸಲು ಗುರುಸಂಗಪ್ಪನವರ ಅಂಗಡಿಗೆ ಹೋದೆ. ಅವರು ಹೌಹಾರಿದರು. "ಅಕ್ಷರ ಅಕ್ಷರ ದಿಲ್ಲಿಗೆ ಕಳಿಸಿ ಒಪ್ಪಿಗಿ ತಗಂಡೀವಿ. ನೋಡಾಕ ಸಾಹೇಬ್ರು ಬರೋರಿದಾರ." ಡಾಕ್ಟರಿಗೆ ಬೇರೆ ಚಿಂತೆ: ಹೆಸರೇ ಇಲ್ಲದಿದ್ದರೆ ಹೊಸ ರೋಗಿ ಹೇಗೆ ಬರಬೇಕು? ಅವರ ಮಾತೂ ಸುಳ್ಳಲ್ಲ. ಬೋರ್ಡು ನೋಡಿಯೇ ಗುಡೇಕೋಟೆ ಕಡೆಯಿಂದ ಬಂದವರು ಇದ್ದರು. ಇಬ್ಬರದೂ ಸರಿ, ನಡುವೆ ಮಾಳಮ್ಮ.

ಕಡೆಗೆ ಪಂಡಿತರೇ ಒಂದು ಉಪಾಯ ಹೇಳಿದರು. ಹೆಸರು ಬೇಡ, ಎಲ್ಲ ಕೋಣೆಗಳಿಗೂ ಅಂಕಿ ಕೊಡೋಣ. ಚೀಟಿ ಒಂದು, ಎಕ್ಸ್‌ರೇ ನಾಲ್ಕು, ಕ್ಷಯ ಎಂಟು. ಚೀಟಿಯಲ್ಲೂ ಅಂಕಿ, ಬೋರ್ಡಿನಲ್ಲೂ ಅಂಕಿ. ಹೊಸ ರೋಗಿಗಳಿಗೆ ಡಾಕ್ಟರೇ ನೋಡಿ ಅಂಕಿ ಬರೆದು ಕಳಿಸಿದರಾಯಿತು. ದಿಲ್ಲಿಯ ಸಾಹೇಬರು ಬಂದು ಹೊಗಳಿ ಹೋದ ಮೇಲೆ ಮಂಜಣ್ಣ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದ. ಮೂರು ಭಾಷೆಯಲ್ಲಿ ಎಂಟನೆಯ ಕೋಣೆ. ನಾನು ಓಡಿದಂತೆ ಹೋಗಿ ಮಾಳಮ್ಮನಿಗೆ ಹೇಳಿದೆ. "ನೋಡ್ತೀನ್ರಿ ಅಕ್ಕೋರ" ಎಂದಳು, ನಕ್ಕಳೂ ಕೂಡ.

ಒಂದು ಮಳೆಗಾಲ ಕಳೆಯುವುದರೊಳಗೆ ನನ್ನ ತರಗತಿಯಲ್ಲೇ ಒಬ್ಬಳು ಕೆಮ್ಮಿದಾಗ ಹಿಂದಿನ ಬೆಂಚಿನವಳು "ಎಂಟಕ್ಕ ಹೋಗ" ಎಂದಳು. ಇಡೀ ತರಗತಿ ನಕ್ಕಿತು. ಸಂತೆಯಲ್ಲೂ ಅದೇ ಮಾತು, ಬಸ್ಸಿನಲ್ಲೂ ಅದೇ. ಆಗದವರ ಮನೆಯ ಬಗ್ಗೆ "ಅವರದು ಎಂಟು" ಎಂದರೆ ಸಾಕಾಗಿತ್ತು. ಊರಿನ ಬಾಯಿಗೆ ಬೀಗ ಹಾಕುವಂಥ ನಾಲ್ಕನೆಯ ಭಾಷೆ ಯಾವುದೂ ಇಲ್ಲ ಎಂದು ಅವತ್ತು ಖಾತ್ರಿಯಾಯಿತು. ಪಂಡಿತರಿಗೆ ಹೇಳಿದೆ. ಅವರು "ಇನ್ನೇನು ಬರದ್ರೂ ಇಷ್ಟ ಬಿಡ್ರಿ" ಎಂದರು.

ಮಾಳಮ್ಮನ ಮದುವೆಯಾಯಿತು. ನಾನು ತಂದುಕೊಟ್ಟಿದ್ದ ಗುಳಿಗೆಯ ಪೊಟ್ಟಣಗಳನ್ನು ಸೀರೆ ಮಡಿಕೆಯಲ್ಲಿಟ್ಟುಕೊಂಡು ಹೊಳಲಿಗೆ ಹೋದಳು. ಅತ್ತೆಯ ಮನೆಯಲ್ಲಿ ಪೆಟ್ಟಿಗೆ ತೆಗೆಯುವವರು ಹತ್ತು ಮಂದಿ. ಅಲ್ಲಿಗೆ ಹೋಗಿ ಒಂದು ವಾರದೊಳಗೇ ಅವನ್ನು ಹಿತ್ತಲಲ್ಲಿ ಹೂತೆ ಎಂದು ಆಮೇಲೆ ಅವಳೇ ನನಗೆ ಹೇಳಿದಳು.

ಮರುವರ್ಷದ ಬೇಸಿಗೆಯಲ್ಲಿ ನಾನು ನನ್ನ ಮೊಣಕಾಲು ನೋವಿಗೆ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಮಾಡಿಸುವ ಕಡೆ ಬೆಂಚಿನ ಮೇಲೆ ಮಾಳಮ್ಮ ಕೂತಿದ್ದಳು. ಮೊದಲು ಗುರುತೇ ಸಿಗಲಿಲ್ಲ. ಕುಪ್ಪಸದ ತೋಳು ಕೈಗೆ ಸಡಿಲವಾಗಿ ಜೋತುಬಿದ್ದಿತ್ತು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ತವರಿಗೆ ಕರೆತರುವ ನೆಪದಲ್ಲಿ ಗಂಡ ಪಕ್ಕೀರಪ್ಪ ಇಲ್ಲಿಗೆ ತೋರಿಸಲು ತಂದಿದ್ದ. ಒಳ್ಳೆಯ ಹುಡುಗ, ಬಿಸಿಲಲ್ಲಿ ಓಡಾಡಿ ಸೋಡಾ ತಂದು ಕೊಟ್ಟಿದ್ದ. ಹೊಸದಾಗಿ ಬಂದಿದ್ದ ಇನ್ನೊಬ್ಬ ಡಾಕ್ಟರು ನೋಡಿ ಚೀಟಿ ಬರೆದಿದ್ದರು. ನಾನು ಬರುವಷ್ಟರಲ್ಲಿ ಅವನು ಅದನ್ನು ಹಿಡಿದು ಒಬ್ಬನೇ ಮುಂದೆ ಹೊರಟಾಗಿತ್ತು. ಮೊದಲು ಕೋಣೆ ಎಲ್ಲಿದೆ ನೋಡಿ ಬರುತ್ತೇನೆ, ನೀನು ಅಲೆಯಬೇಡ ಎಂದು ಹೆಂಡತಿಗೆ ಹೇಳಿದ್ದನಂತೆ.

"ಎಂಟು ಅಂತ ಬರದಾರ್ರಿ" ಎಂದಳು ಮಾಳಮ್ಮ.

ನಾನು ಅವನನ್ನು ಕೂಗಿ ನಿಲ್ಲಿಸಬೇಕೆಂದುಕೊಂಡೆ. ಕೂಗಿ ಏನು ಹೇಳುವುದು? ಬೆಂಚಿನಿಂದ ಬೇವಿನ ಗಿಡದವರೆಗೂ ಕಾಣುತ್ತಿತ್ತು. ಅವನು ಒಂದು ಕಡೆಯೂ ತಡೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ತಿರುವು ಬಂದಾಗ ತಲೆಯೆತ್ತಿ ಓದುತ್ತಿದ್ದ, ಬಾಣದ ಕಡೆ ತಿರುಗುತ್ತಿದ್ದ. ಹೊರಗಿನ ಊರಿನವನು ಮೊದಲ ಸಲ ಬಂದರೂ ದಾರಿ ತಪ್ಪಬಾರದು ಎಂದು ನಾವು ಅಷ್ಟು ತಲೆ ಕೆಡಿಸಿಕೊಂಡಿದ್ದೆವು. ಅವನು ತಪ್ಪಲಿಲ್ಲ. ಬೇವಿನ ಗಿಡದ ನೆರಳಲ್ಲಿ ಕೂತಿದ್ದವರ ಕೆಮ್ಮು ಕೇಳಿದ, ಬಾಗಿಲ ಪಕ್ಕದಲ್ಲಿ ಅಂಟಿಸಿದ್ದ ಕ್ಷಯರೋಗದ ಚಿತ್ರದ ಹಾಳೆಯನ್ನು ನೋಡಿದ, ಅಲ್ಲೇ ನಿಂತ.

ವಾಪಸು ಬಂದವನು ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತ. ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ಚೀಟಿಯನ್ನು ಬೆಂಚಿನ ತುದಿಗೆ ಇಟ್ಟು ಅವಳ ಕೈಚೀಲವನ್ನು ಅದರ ಪಕ್ಕಕ್ಕೆ ಇಟ್ಟ.

"ಮೊದ್ಲ ಗೊತ್ತಿತ್ತಾ?" ಎಂದ.

ಮಾಳಮ್ಮ ಹೂಂ ಎಂದಳು.

"ನಿಮ್ಮವ್ವನ ಮನಿ ಇಲ್ಲೇ ಐತಲ್ಲ" ಎಂದು ಅವನು ಬಸ್‌ಸ್ಟ್ಯಾಂಡಿನ ಕಡೆ ಹೋದ. ನನಗೆ ಅವನ ಮೇಲೆ ಉರಿಯಿತು, ಮರುಗಳಿಗೆಗೆ ಅಳುವೂ ಬಂತು, ಯಾಕೆಂದರೆ ಹೋಗುವಾಗ ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ.

ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಚೀಟಿಯ ಸಾಲಿನಲ್ಲಿ ನಿಂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಗಿಡದ ಕಡೆ ತಿರುಗುವ ಜಾಗಕ್ಕೆ ಬಂದಾಗ ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನೀವು ಇಲ್ಲೇ ನಿಲ್ರಿ ಅಕ್ಕೋರ. ನಿಮ್ಮನ್ನೂ ಹಂಗ ಅಂದ್ಕಂತಾರ."

"ಅಂದ್ಕೊಳ್ಳಿ ಬಿಡು" ಎಂದು ನಾನು ಮತ್ತೆ ಕೈ ಹಿಡಿದೆ.

ಬೆನಕಪ್ಪನವರು ಅವಳ ಹಳೆಯ ಕಾರ್ಡು ಹುಡುಕಿಸಿದರು, ಹೊಸದಾಗಿ ಎಕ್ಸ್‌ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಹಳೆಯ ಗುಳಿಗೆಗಳನ್ನೇ ಪೊಟ್ಟಣ ಕಟ್ಟಲು ಹೇಳಿದರು. ಅವು ಇನ್ನು ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾಳಮ್ಮನಿಗೆ ಯಾರೂ ಹೇಳಲಿಲ್ಲ.

ಅವಳು ಪೊಟ್ಟಣವನ್ನು ಚೀಲಕ್ಕೆ ಹಾಕದೆ ಕೈಯಲ್ಲೇ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡಳು. "ಈ ಸಲ ಒಂದು ಹೊತ್ತೂ ಬಿಡಂಗಿಲ್ರಿ ಡಾಕ್ಟ್ರ" ಎಂದಳು.